ನಿಶ್ಚಿತಾರ್ಥದ ದಿನ ಯಾರ ಕಾಲಿಗೆ, ಯಾರಿಗೆ ಕೈ

ಪ್ರಶ್ನೆ: ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯ ಹಿರಿಯರೆಲ್ಲರ ಕಾಲಿಗೂ ಅವಳು ಬೀಳಬೇಕು ಅಂತ ನಮ್ಮತ್ತೆ. ಕೈಮುಗಿದರೆ ಸಾಲದಾ ಅಂತ ಮಗಳು. ಅವಳ ಆಫೀಸಿನ ಮ್ಯಾನೇಜರ್ ಕೂಡ ಬರುತ್ತಾರೆ. ಅವರು ಕೈ ಚಾಚಿದರೆ ಎಲ್ಲರೆದುರು ಏನು ಮಾಡೋದು?
– ಒಬ್ಬ ತಾಯಿ, ತುಮಕೂರು

ಉತ್ತರ: ‘ಎಲ್ಲರ ಕಾಲಿಗೂ’ ಎಂಬುದನ್ನು ಮೊದಲು ಕೈಬಿಡಿ. ಕಾಲಿಗೆ ನಮಸ್ಕರಿಸುವುದೆಂದರೆ ಆಶೀರ್ವಾದ ಬೇಡುವುದು. ಬೇಡಿದ ಮೇಲೆ ಕೊಡುವವರು ಅದಕ್ಕೆ ಸಿದ್ಧರಿರಬೇಕು. ಸಾಲಾಗಿ ಕೂತ ನಲವತ್ತು ಜನರ ಪಾದ ಸೋಕಿಸಿ ಓಡಿದರೆ ಯಾರೂ ಹರಸಿದಂತಾಗುವುದಿಲ್ಲ, ಹುಡುಗಿಯ ಸೊಂಟ ಮಾತ್ರ ನೋಯುತ್ತದೆ. ಹುಡುಗನ ಅಜ್ಜ, ಅಜ್ಜಿ, ತಂದೆ, ತಾಯಿ, ಮನೆಯಲ್ಲಿ ಹಿರಿಯರೆನಿಸಿಕೊಂಡ ದೊಡ್ಡಪ್ಪನೋ ಸೋದರತ್ತೆಯೋ ಇದ್ದರೆ ಅವರು, ಇಷ್ಟು ಸಾಕು. ಉಳಿದವರಿಗೆ ಕೈಮುಗಿದು, ಮುಖ ನೋಡಿ ‘ನಮಸ್ಕಾರ’ ಎಂದರೆ ಯಾವ ಕೊರತೆಯೂ ಇಲ್ಲ.

ನಮಸ್ಕರಿಸುವಾಗ ಅವಸರ ಬೇಡ. ಕೈಯಲ್ಲಿರುವ ತಟ್ಟೆ, ಮೊಬೈಲು ಯಾರಿಗಾದರೂ ಕೊಟ್ಟು, ಹಿರಿಯರು ತನ್ನನ್ನು ನೋಡುವವರೆಗೆ ನಿಲ್ಲಲಿ. ಕೂತವರಾದರೆ ಮಂಡಿಯೂರುವುದೇ ಚೆನ್ನ. ರೇಷ್ಮೆ ಸೀರೆಯಲ್ಲಿ ಬಗ್ಗುವುದಕ್ಕಿಂತ ಅದೇ ಸುಲಭ. ಸಾಷ್ಟಾಂಗ ಗಂಡಸರಿಗೆ, ಹೆಂಗಸರು ಮಂಡಿಯೂರಿ ತಲೆ ಬಾಗುವುದು ರೂಢಿ. ಪಾದ ಮುಟ್ಟಿದ ಮೇಲೆ ತಕ್ಷಣ ಏಳಬಾರದು. ತಲೆಯ ಮೇಲೆ ಕೈ ಬರಲು, ಅಕ್ಷತೆ ಬೀಳಲು, ‘ಚೆನ್ನಾಗಿರಮ್ಮ’ ಎನ್ನಲು ಒಂದೆರಡು ಗಳಿಗೆ ಬೇಕಲ್ಲ.

ಬೇಡ ಎನ್ನುವವರನ್ನು ಗುರುತಿಸುವುದು ಕಷ್ಟವಲ್ಲ. ಪಾದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಇಲ್ಲವೇ ಅರ್ಧ ಬಗ್ಗುವಷ್ಟರಲ್ಲಿ ಭುಜ ಹಿಡಿದು ಎತ್ತುತ್ತಾರೆ. ಸಂಕೋಚಕ್ಕೆ ಹೇಳುತ್ತಿದ್ದಾರೆಂದು ಹಟ ಹಿಡಿದು ಕಾಲು ಹುಡುಕಬಾರದು. ಅಲ್ಲೇ ನಿಂತು ಕೈಮುಗಿದರೆ ಆಯಿತು. ಊಟದ ಎಲೆ ಮುಂದೆ ಕೂತವರಿಗೆ, ಮಲಗಿರುವವರಿಗೆ ಕಾಲು ಮುಟ್ಟಿ ನಮಸ್ಕರಿಸುವ ಪದ್ಧತಿಯಿಲ್ಲ. ಮಡಿಯಲ್ಲಿರುವ ಅಜ್ಜಿಯನ್ನು ಮುಟ್ಟದೆ, ದೂರದಿಂದಲೇ ನೆಲಕ್ಕೆ ತಲೆಬಾಗಬೇಕು. ಇದಿಷ್ಟನ್ನೂ ನಿಮ್ಮತ್ತೆ ನನಗಿಂತ ಚೆನ್ನಾಗಿ ಬಲ್ಲರು. ಮೊಮ್ಮಗಳಿಗೆ ಅವರೇ ತೋರಿಸಿಕೊಡಲಿ.

ನೀವು ಕೇಳದ ಇನ್ನೊಂದು ಮಾತು. ಹುಡುಗ ನಿಮ್ಮತ್ತೆಯ ಕಾಲಿಗೆ ನಮಸ್ಕರಿಸುತ್ತಾನೆಯೇ? ನಿಮಗೆ, ನಿಮ್ಮ ಯಜಮಾನರಿಗೆ? ಅವನೂ ನಮಸ್ಕರಿಸಬೇಕು. ಮದುವೆಯ ದಿನ ಹೆಣ್ಣಿನ ತಂದೆ ವರನ ಪಾದ ತೊಳೆಯುವ ಶಾಸ್ತ್ರ ಹಲವು ಮನೆಗಳಲ್ಲಿದೆ. ಅಲ್ಲಿ ವರನನ್ನು ವಿಷ್ಣುವೆಂದು ಭಾವಿಸಿ ಪೂಜಿಸುತ್ತಾರೆ. ಆ ಶಾಸ್ತ್ರವನ್ನೇ ಹಿಡಿದು ಹೆಣ್ಣಿನ ಕಡೆಯವರು ಮೊದಲಿನಿಂದ ಕೊನೆಯವರೆಗೂ ಬಾಗಿಯೇ ಇರಬೇಕೆನ್ನುವುದು ತಪ್ಪು. ಬೀಗರು ಬೀಗರಿಗೆ ಸಮಾನರು. ನೀವೂ ಅವರೂ ಎದುರುಬದುರು ನಿಂತು ಕೈಮುಗಿಯಿರಿ. ನಿಮಗಿಂತ ಚಿಕ್ಕ ವಯಸ್ಸಿನ ಬೀಗರ ಕಾಲಿಗೆ ನೀವು ಬಾಗುವುದು ಖಂಡಿತ ಕೂಡದು. ಹಳ್ಳಿಗಳಲ್ಲಿ ಗೌಡರ ಎದುರು ‘ಅಡ್ಡಬಿದ್ದೆ ಬುದ್ಧಿ’ ಎನ್ನಬೇಕಿದ್ದ ಕಾಲವೊಂದಿತ್ತು. ಭಯಕ್ಕೆ ಬಾಗುವ ಆ ನಮಸ್ಕಾರ ನಮ್ಮ ಮಕ್ಕಳ ಮದುವೆಯ ಚಪ್ಪರದಲ್ಲಿ ಮತ್ತೆ ಕಾಣಿಸಬಾರದು.

ಇನ್ನು ಮ್ಯಾನೇಜರ್. ಆಫೀಸಿನಲ್ಲಿ ದಿನಾ ಕೈಕುಲುಕುವವರು ಇಲ್ಲಿ ಕೈ ಚಾಚಿದರೆ ಮಗಳು ಕೈಕುಲುಕಲಿ, ಬಲಗೈಯಲ್ಲಿ, ಒಮ್ಮೆ ಹಿಡಿದು ಬಿಟ್ಟರಾಯಿತು. ಚಾಚಿದ ಕೈಯನ್ನು ಗಾಳಿಯಲ್ಲಿ ಬಿಟ್ಟರೆ ಅವರಿಗೆ ಅವಮಾನವಾಗುತ್ತದೆ. ಕೈಕುಲುಕುವುದಕ್ಕೆ ಇಬ್ಬರೂ ಒಪ್ಪಬೇಕು, ಅದರ ತೊಡಕು ಇರುವುದೂ ಅಲ್ಲೇ. ಗಂಡಸರು ಹೆಂಗಸರಿಗೆ ತಾವಾಗಿ ಕೈ ಚಾಚದೆ, ಆಕೆ ಚಾಚಿದರೆ ಹಿಡಿಯುವುದು ಒಳ್ಳೆಯ ನಡತೆ. ಮುಸ್ಲಿಂ ಸಹೋದ್ಯೋಗಿಯೊಬ್ಬರು ಬಂದು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರೆ ಹಾಗೆಯೇ ಮಾಡಿ, ಕೈಗಾಗಿ ಕಾಯಬೇಡಿ.

ಎಲ್ಲರೆದುರು ಮುಜುಗರ ಬೇಡವೆಂದರೆ ಒಂದು ಉಪಾಯವಿದೆ. ಮ್ಯಾನೇಜರ್ ಬಾಗಿಲಲ್ಲಿ ಕಂಡ ಕೂಡಲೇ, ನಾಲ್ಕು ಹೆಜ್ಜೆ ದೂರದಿಂದಲೇ ನೀವು, ನಿಮ್ಮ ಯಜಮಾನರು, ಮಗಳು ಮೂವರೂ ಕೈಮುಗಿಯಿರಿ. ದೂರದಿಂದ ಮುಗಿದ ಕೈಗೆ ಬಹಳ ಜನ ಮುಗಿದೇ ಉತ್ತರಿಸುತ್ತಾರೆ. ಹತ್ತಿರ ಬಂದ ಮೇಲೆ ಕೈ ಎತ್ತಿದರೆ ಅಷ್ಟರಲ್ಲಿ ಅವರ ಕೈ ಮುಂದೆ ಬಂದಿರುತ್ತದೆ.

ಉಳಿದದ್ದನ್ನು ಹುಡುಗನ ತಾಯಿಗೆ ಈ ವಾರವೇ ಫೋನ್ ಮಾಡಿ ಕೇಳಿ: ‘ನಿಮ್ಮಲ್ಲಿ ಯಾರ್ಯಾರಿಗೆ ನಮಸ್ಕಾರ ಮಾಡಿಸಬೇಕು, ನಮ್ಮವರ ಹೆಸರೂ ಹೇಳ್ತೀನಿ, ಬರ್ಕೊಳ್ಳಿ.’