ಮಗನಿಗೆ ಸಿಇಟಿಲಿ ಸರ್ಕಾರಿ ಕಾಲೇಜಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ತಿದೆ, ಆದ್ರೂ ಲೋನ್ ಮಾಡಿ ಪ್ರೈವೇಟ್‌ಗೆ ಸೇರಿಸಿದ್ರೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಬ್ರಾಂಚ್ ಒಂದೇ ಆಗಿದ್ರೆ ಬಹಳಷ್ಟು ಸಲ ಬರಲ್ಲ, ಯಾಕಂದ್ರೆ ಎಲ್ಲರೂ ಫೀಸ್ ನೋಡ್ತಾರೆ, ಬಡ್ಡಿ ನೋಡಲ್ಲ.

ಉದಾಹರಣೆಗೆ ಪ್ರೈವೇಟ್‌ನಲ್ಲಿ ವರ್ಷಕ್ಕೆ 3 ಲಕ್ಷ, ಸರ್ಕಾರಿಯಲ್ಲಿ 50 ಸಾವಿರ ಅಂತ ಇಟ್ಕೊಳ್ಳಿ. ನಾಲ್ಕು ವರ್ಷಕ್ಕೆ ವ್ಯತ್ಯಾಸ 10 ಲಕ್ಷ. ಅಷ್ಟನ್ನೂ ಶೇ 10ರ ಬಡ್ಡಿಗೆ ಲೋನ್ ತಗೊಂಡ್ರೆ, ಓದು ಮುಗಿದು ಇನ್ನೊಂದು ವರ್ಷ ಕಂತು ಕಟ್ಟೋದು ಬೇಡ ಅಂದ್ರೂ ಬಡ್ಡಿ ಓಡ್ತಾನೇ ಇರುತ್ತೆ, ಬರೀ ಸರಳ ಬಡ್ಡಿ ಹಾಕಿದ್ರೂ ಅಸಲಿಗೆ ಸುಮಾರು ಮೂರೂವರೆ ಲಕ್ಷ ಸೇರುತ್ತೆ. ಆ ಹದಿಮೂರೂವರೆ ಲಕ್ಷಕ್ಕೆ ಹತ್ತು ವರ್ಷ ತಿಂಗಳಿಗೆ ಹೆಚ್ಚುಕಡಿಮೆ 18 ಸಾವಿರ ಇಎಂಐ. ಅಂದ್ರೆ ಪ್ರೈವೇಟಲ್ಲಿ ಓದಿದ್ದಕ್ಕೇ ಅವನ ಕೈಗೆ ಪ್ರತಿ ತಿಂಗಳು 18 ಸಾವಿರ ಜಾಸ್ತಿ ಸಂಬಳ ಬರ್ಬೇಕು, ಆಗ ಬರೀ ಸಮ ಆಗುತ್ತೆ, ಲಾಭ ಇನ್ನೂ ಶುರುನೇ ಆಗಿಲ್ಲ!

ಅಷ್ಟು ಜಾಸ್ತಿ ಬರುತ್ತಾ ಅಂತ ತಿಳ್ಕೊಳ್ಳೋಕೆ ಬ್ಯಾನರ್ ಮೇಲಿನ ಹೈಯೆಸ್ಟ್ ಪ್ಯಾಕೇಜ್ ನೋಡ್ಲೇಬೇಡಿ, ಅದು ಒಬ್ಬಿಬ್ಬರದ್ದು. ಆ ಬ್ರಾಂಚಿನ ಮೀಡಿಯನ್ ಸಂಬಳ, ಅಂದ್ರೆ ಎಲ್ಲರ ಸಂಬಳ ಸಾಲಾಗಿ ಇಟ್ರೆ ಸರಿಯಾಗಿ ಮಧ್ಯದಲ್ಲಿ ಬರೋದು ಎಷ್ಟು ಅಂತ ಕೇಳಿ, ಕ್ಲಾಸಲ್ಲಿ ಒಟ್ಟು ಎಷ್ಟು ಜನ, ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ ಅಂತ ಕೇಳಿ, ಕೆಲವು ಕಡೆ ಒಬ್ಬನಿಗೇ ಬಂದ ಎರಡು ಆಫರ್‌ನ ಇಬ್ಬರಿಗೆ ಕೆಲಸ ಸಿಕ್ಕಿದೆ ಅಂತ ಎಣಿಸಿರ್ತಾರೆ, ಅದನ್ನೂ ಹುಷಾರಾಗಿ ನೋಡಿ. ಫೈನಲ್ ಇಯರ್ ಹುಡುಗರು ನಿಜ ಹೇಳ್ತಾರೆ.

ಸರ್ಕಾರಿಯಲ್ಲಿ ಬೇಡದ ಬ್ರಾಂಚ್ ಸಿಕ್ಕಿದ್ರೆ, ಇಲ್ಲಾ ಅಲ್ಲಿಗೆ ಕಂಪನಿಗಳೇ ಬರದಿದ್ರೆ ಲೆಕ್ಕ ಬದಲಾಗುತ್ತೆ. ಆಗಲೂ ಮ್ಯಾನೇಜ್ಮೆಂಟ್ ಸೀಟಿಗೆ ಮೊದಲು ಸಿಇಟಿಲೇ ಸಿಗೋ ಪ್ರೈವೇಟ್ ಕಾಲೇಜಿನ ಸರ್ಕಾರಿ ಕೋಟಾ ಸೀಟ್ ನೋಡಿ, ಕ್ಲಾಸು ಅದೇ, ಫೀಸ್ ಎಷ್ಟೋ ಕಮ್ಮಿ.