ಪಂಪ್ ಎಷ್ಟು ಎಚ್‌ಪಿ, ಪೈಪ್ ಎಷ್ಟು ದಪ್ಪ?

"ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ 12 ಮೀಟರ್ ಎತ್ತರ, ಪೈಪ್ ಒಟ್ಟು 30 ಮೀಟರ್. ಅರ್ಧ ಎಚ್‌ಪಿ ಸಾಕಾ, 1 ಎಚ್‌ಪಿ ಬೇಕಾ?"

ಅರ್ಧ ಎಚ್‌ಪಿ ಸಾಕು, ಆದ್ರೆ ಪೈಪ್ ಒಳವ್ಯಾಸ 25 ಎಂಎಂ ಇರ್ಬೇಕು. ಎತ್ತರ ಅಳೆಯುವಾಗ ಸಂಪ್‌ನಲ್ಲಿ ನೀರು ಪೂರ್ತಿ ಇಳಿದಾಗಿನ ಮಟ್ಟದಿಂದ ಟ್ಯಾಂಕ್‌ಗೆ ನೀರು ಬೀಳೋ ಬಾಯಿವರೆಗೂ ಅಳೀರಿ, ತಾರಸಿವರೆಗೆ ಅಲ್ಲ.

ನಿಮಿಷಕ್ಕೆ 50 ಲೀಟರ್ ಬೇಕು ಅಂದ್ಕೊಳ್ಳಿ. 20 ಎಂಎಂ ಪಿವಿಸಿ ಪೈಪಲ್ಲಿ ಬರೀ ಘರ್ಷಣೆಗೇ ಸುಮಾರು 11 ಮೀಟರ್ ಹೆಡ್ ಹೋಗುತ್ತೆ, ಅಂದ್ರೆ ಪಂಪ್‌ಗೆ ಇನ್ನೊಂದು ಮನೆಯಷ್ಟು ಎತ್ತರ ಸೇರಿಸಿದ ಹಾಗೆ, ಅದೇ 25 ಎಂಎಂ ಹಾಕಿದ್ರೆ 4 ಮೀಟರ್ ಒಳಗೇ ಮುಗಿಯುತ್ತೆ. 32 ಎಂಎಂ ಆದ್ರೆ 1 ಮೀಟರ್ ಚಿಲ್ಲರೆ, ಆದ್ರೆ ಇಷ್ಟು ನೀರಿಗೆ ಅದು ಬೇಕಿಲ್ಲ ಅನ್ಸುತ್ತೆ.

ಬೆಂಡ್, ವಾಲ್ವ್‌ಗೆ 1 ಮೀಟರ್ ಸೇರಿಸಿದ್ರೆ ಒಟ್ಟು 17 ಮೀಟರ್. ಈಗ ಲೆಕ್ಕ:

```
P = 9.81 × 0.833 × 17 ≈ 139 W
139 / 0.4 ≈ 350 W
```

0.833 ಅಂದ್ರೆ ಸೆಕೆಂಡಿಗೆ ಲೀಟರ್, 0.4 ಸಣ್ಣ ಪಂಪ್‌ನ ಅಂದಾಜು ದಕ್ಷತೆ. ಅರ್ಧ ಎಚ್‌ಪಿ ಅಂದ್ರೆ 373 ವ್ಯಾಟ್, ಸರಿಹೋಯ್ತು. 20 ಎಂಎಂ ಪೈಪ್ ಇದ್ರೆ ಇದೇ ಲೆಕ್ಕ 490 ದಾಟುತ್ತೆ.

ಲೇಬಲ್ ಮೇಲಿರೋ ಗರಿಷ್ಠ ಹೆಡ್ ನೋಡಿ ದಯವಿಟ್ಟು ಮೋಸ ಹೋಗ್ಬೇಡಿ, ಆ ಎತ್ತರದಲ್ಲಿ ಹನಿ ನೀರೂ ಬರಲ್ಲ, 17 ಮೀಟರ್‌ಗೆ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತೆ ಅನ್ನೋ ಟೇಬಲ್ ಕೇಳಿ ತಗೊಳ್ಳಿ.

ಕೂರಿಸಿದ್ಮೇಲೆ ಮೇಲೆ ಹತ್ತಿ 20 ಲೀಟರ್ ಬಕೆಟ್ ಹಿಡೀರಿ, 24 ಸೆಕೆಂಡಿಗೆ ತುಂಬ್ಬೇಕು. 40 ಆಯ್ತು ಅಂದ್ರೆ ಮೋಟರ್ ಬದಲಿಸೋಕೆ ಮುಂಚೆ ಫುಟ್ ವಾಲ್ವ್ ಜಾಲರಿ ಕಟ್ಟಿದ್ಯಾ, ಎಲ್ಲಾದ್ರೂ ಮಧ್ಯೆ ಸಣ್ಣ ಪೈಪ್ ಸೇರಿಸಿದಾರಾ ನೋಡಿ.