ಮೆಚ್ಚುಗೆಗೆ ಯಾರೂ ತುತ್ತಾಗುವುದಿಲ್ಲ

ನನ್ನ ಮನೆಮಾತು ತೆಲುಗು, ಊರು ಮೊಳಕಾಲ್ಮುರು. ಸ್ತ್ರೀಶಕ್ತಿ ಸಂಘದ ವರದಿಯಲ್ಲಿ ‘ಒಳಗಾದರು’ ಅನ್ನೋದು ಜಾಸ್ತಿ ಆಯ್ತು ಅಂತ ಸಮಾನಾರ್ಥಕ ಪದಗಳ ಪಟ್ಟಿ ನೋಡಿ ಒಂದು ಕಡೆ ಬದಲಿಸಿದೆ. ‘ನಮ್ಮ ಸದಸ್ಯೆಯರು ಜಿಲ್ಲಾಧಿಕಾರಿಗಳ ಮೆಚ್ಚುಗೆಗೆ ತುತ್ತಾದರು’ ಅಂತ ಓದಿದಾಗ ಸಭೆಯೆಲ್ಲ ನಕ್ಕಿತು. ಪಟ್ಟಿಯಲ್ಲಿ ಅರ್ಥ ಒಂದೇ ಇತ್ತಲ್ಲ ಸರ್?

ತಪ್ಪು ನಿಮ್ಮದಲ್ಲಮ್ಮ, ಪಟ್ಟಿಯದು. ಒಳಗಾಗು, ಈಡಾಗು, ಗುರಿಯಾಗು, ತುತ್ತಾಗು, ಪಾತ್ರವಾಗು ಎಲ್ಲವನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿ ಮಾರುವವರ ಮೇಲೆ ನನಗೆ ಸಿಟ್ಟಿದೆ. ಇಂಥ ಪತ್ರ ನನಗೆ ಪದೇ ಪದೇ ಬರುತ್ತದೆ.

ಪಟ್ಟಿಯಿಂದ ಪದ ಎತ್ತಿಕೊಂಡ ಮೇಲೆ ಅದರ ಅರ್ಥ ಹುಡುಕಬೇಡಿ, ಅದು ಇರುವ ವಾಕ್ಯ ಹುಡುಕಿ. ಗೂಗಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ "ತುತ್ತಾದರು" ಅಂತ ಬರೆದು ಪತ್ರಿಕೆಗಳ ವಾಕ್ಯಗಳನ್ನು ಓದಿ. ಒಂದೆರಡು ಸಾಲದು, ಹತ್ತಾದರೂ ಬೇಕು. ಹಿಂದೆ ಯಾವ ಪದ ಇದೆ ಅನ್ನೋದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಜ್ವರಕ್ಕೆ, ಕಾಯಿಲೆಗೆ, ಸಾವಿಗೆ. ‘ತುತ್ತಾದ’ ಅಂತ ಹುಡುಕಿದರೆ ಬಿಳಿಸುಳಿ ರೋಗಕ್ಕೆ ತುತ್ತಾದ ಮೆಕ್ಕೆಜೋಳವೂ ಸಿಗುತ್ತದೆ. ಎಲ್ಲಾ ಕಡೆ ಏನೋ ಒಂದು ಬಂದು ತಿಂದುಹಾಕುತ್ತಿದೆ, ಅಲ್ವಾ? ಅಲ್ಲಿ ಮೆಚ್ಚುಗೆಗೆ ಜಾಗ ಇಲ್ಲ.

ಈಗ ಉಲ್ಟಾ ಹುಡುಕಿ. ನಿಮ್ಮ ವಾಕ್ಯದಲ್ಲಿ ಬದಲಾಗದ ಪದ ‘ಮೆಚ್ಚುಗೆಗೆ’. ಅದನ್ನೇ ಹಾಕಿ, ಮುಂದೆ ಯಾವ ಕ್ರಿಯಾಪದ ಬರುತ್ತದೆ ನೋಡಿ. ಪಾತ್ರರಾದರು, ಪಾತ್ರವಾಯಿತು, ಪಾತ್ರವಾಗಿದೆ ಅಂತ ಸಾಲುಸಾಲಾಗಿ ಬರುತ್ತದೆ. ನಿಮಗೆ ಬೇಕಾದ್ದು ಅದೇ. ಹೆಚ್ಚಿನವರು ಈ ಎರಡನೇ ಹುಡುಕಾಟ ಮಾಡುವುದೇ ಇಲ್ಲ. ಮೊದಲನೆಯದು ಪದ ಎಲ್ಲಿ ಕೂರುವುದಿಲ್ಲ ಅಂತ ಹೇಳುತ್ತದೆ, ಎರಡನೆಯದು ಅಲ್ಲಿ ಯಾವುದು ಕೂರುತ್ತದೆ ಅಂತ ತೋರಿಸುತ್ತದೆ.

ಹತ್ತು ವಾಕ್ಯ ಅಂದಿದ್ದಕ್ಕೆ ಕಾರಣ ಇದೆ. ಮೊದಲ ನಾಲ್ಕೈದರಲ್ಲಿ ಮೆಚ್ಚುಗೆಗೆ, ಪ್ರೀತಿಗೆ, ಕೃಪೆಗೆ ಪಾತ್ರ ಅಂತ ಕಂಡು ‘ಪಾತ್ರ’ ಒಳ್ಳೆಯದಕ್ಕೆ ಮಾತ್ರ ಅಂತ ತೀರ್ಮಾನ ಮಾಡಿಬಿಡುತ್ತೀರಿ. ಮುಂದೆ ‘ಕೋಪಕ್ಕೆ ಪಾತ್ರರಾದರು’ ಅಂತಲೂ ಸಿಗುತ್ತದೆ. ಅದೂ ಸರಿಯಾದ ಕನ್ನಡವೇ. ಬೇರೆಯವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಹುಟ್ಟುವ ಪ್ರೀತಿ, ಮೆಚ್ಚುಗೆ, ಕೋಪ ಇಂಥವಕ್ಕೆ ‘ಪಾತ್ರ’ ಹೊಂದುತ್ತದೆ. ಜ್ವರಕ್ಕೆ ಹೊಂದುವುದಿಲ್ಲ.

ಹುಡುಕುವಾಗ ಎರಡು ತೊಡಕು ಬರುತ್ತವೆ. ಕನ್ನಡದಲ್ಲಿ ಪದಗಳು ಅಂಟಿಕೊಳ್ಳುತ್ತವೆ. ‘ಅಪಘಾತಕ್ಕೆ ಈಡಾದ’ ಅಂತ ಹುಡುಕಿ ಕಡಿಮೆ ಸಿಕ್ಕರೆ ಬಳಕೆ ಇಲ್ಲ ಅಂದುಕೊಳ್ಳಬೇಡಿ, ‘ಅಪಘಾತಕ್ಕೀಡಾದ’ ಅಂತ ಕೂಡಿಸಿಯೂ ಹುಡುಕಿ. ಇನ್ನೊಂದು, ಸಿಕ್ಕಿದ್ದೆಲ್ಲ ನಂಬುವಂತಿಲ್ಲ. ಜಾಹೀರಾತು ಪುಟಗಳಲ್ಲಿ, ಯಂತ್ರ ಅನುವಾದ ಮಾಡಿದ ಪುಟಗಳಲ್ಲಿ ಇಂಥ ಎಡವಟ್ಟು ಬೇಕಾದಷ್ಟಿದೆ. ಪ್ರಜಾವಾಣಿಯೋ ನಮ್ಮ ದಾವಣಗೆರೆಯ ಜನತಾವಾಣಿಯೋ, ಮನುಷ್ಯರು ತಿದ್ದಿದ ಬರಹ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಉದಾಹರಣೆಗಳು ಧಾರಾಳವಾಗಿವೆ. ಆದರೆ ಬಹಳಷ್ಟು ಶಾಸನದ್ದು, ಹಳಗನ್ನಡ ಕಾವ್ಯದ್ದು. ಪದದ ಹಿನ್ನೆಲೆ ತಿಳಿಯಲು ಅದು ಬೇಕು, ಸಂಘದ ವರದಿಗೆ ಅಳತೆಗೋಲು ಅಲ್ಲ.

ತೆಲುಗು ಮನೆಮಾತಿನ ನಿಮಗೆ ಒಂದು ಎಚ್ಚರಿಕೆ. ‘ಗುರಿ’ ನಿಮಗೆ ಮನೆಯಲ್ಲೇ ಸಿಗುವ ಪದ. ತೆಲುಗಿನಲ್ಲಿ ಅಪಘಾತಕ್ಕೂ ಆಶ್ಚರ್ಯಕ್ಕೂ ‘ಗುರಿ’ ಆಗುತ್ತಾರೆ. ಕನ್ನಡದಲ್ಲಿ ಟೀಕೆಗೆ, ದಾಳಿಗೆ ಗುರಿಯಾಗುತ್ತೇವೆ, ಅಪಘಾತಕ್ಕೆ ಈಡಾಗುತ್ತೇವೆ, ಆಶ್ಚರ್ಯ ಪಡುತ್ತೇವೆ. ಪರಿಚಯದ ಪದ ಅನ್ನಿಸಿದಾಗಲೇ ವಾಕ್ಯ ಹುಡುಕಿ. ಹೊಸ ಪದ ಆದರೆ ಹೇಗೂ ಹುಡುಕುತ್ತೀರಿ, ಇದನ್ನು ಸುಮ್ನೆ ಬರೆದುಬಿಡುತ್ತೀರಿ.

ಹುಡುಕಿಯೂ ಅನುಮಾನ ಹೋಗದಿದ್ದರೆ ಮೊದಲ ಪದವನ್ನೇ ಉಳಿಸಿಕೊಳ್ಳಿ. ನಿಮ್ಮ ವರದಿಯಲ್ಲಿ ‘ಶಸ್ತ್ರಚಿಕಿತ್ಸೆಗೆ ಒಳಗಾದರು’ ಇತ್ತು. ಅದನ್ನು ಮುಟ್ಟಲೇಬಾರದು. ಅಲ್ಲಿ ‘ಈಡಾದರು’ ಹಾಕಿದರೆ ಡಾಕ್ಟರೇ ಏನೋ ಅನಾಹುತ ಮಾಡಿದಂತಾಗುತ್ತದೆ.

ಒಂದೇ ಪದ ಒಂದು ಪುಟದಲ್ಲಿ ಎರಡು ಸಲ ಬಂದರೆ ತಪ್ಪಾ?

ಅಲ್ಲ.

ಕೋಚಿಂಗಿನಲ್ಲಿ ದಿನಕ್ಕೆ ಐವತ್ತು ಸಮಾನಾರ್ಥಕ ಪದ ಬಾಯಿಪಾಠ ಮಾಡಿಸ್ತಾರೆ. ಮೂರು ತಿಂಗಳಲ್ಲಿ ಒಳ್ಳೆ ಕನ್ನಡ ಬರುತ್ತೆ ಅಂತಾರೆ. ಸೇರಲಾ?

ಸೇರಬೇಡಿ. ವಾಕ್ಯ ಇಲ್ಲದೆ ಪದ ಕಲಿಸುವುದು ಮೋಸ. ದುಡ್ಡೂ ಹೋಗುತ್ತದೆ, ತಪ್ಪೂ ಗಟ್ಟಿಯಾಗುತ್ತದೆ.

ವಿಮೆ ಅರ್ಜಿಯಲ್ಲಿ ‘ಎಮ್ಮೆ ನಿಧನವಾಗಿದೆ’ ಅಂತ ಬರೆಯಬಹುದಾ? ‘ಸತ್ತಿದೆ’ ಒರಟು ಅನ್ನಿಸುತ್ತೆ.

‘ನಿಧನ’ ಇರುವ ಸುದ್ದಿಗಳನ್ನು ಓದಿ ನೋಡಿ, ಹೆಚ್ಚಿನವು ಮನುಷ್ಯರದೇ. ‘ಎಮ್ಮೆ ಸತ್ತಿದೆ’ ಅಂತಲೇ ಬರೆಯಿರಿ.